ಬಾಡಿಗೆ ಏರಿಕೆ: ಐದು ವರ್ಷದ ರಶೀದಿ ಮುಂದಿಟ್ಟು ಮಾಲಕರಿಗೆ ಬರೆಯುವ ಪತ್ರ

ಪೈವಳಿಕೆ: "ಬರುವ ತಿಂಗಳಿನಿಂದ ಬಾಡಿಗೆ ಐದು ಸಾವಿರ" ಎಂದು ಕಟ್ಟಡದ ಮಾಲಕರು ಹೇಳಿ ಹೋದಾಗ ಬಾಡಿಗೆದಾರ ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾನೆ. ಒಂದೋ ತಲೆ ಅಲ್ಲಾಡಿಸಿ ಒಪ್ಪುತ್ತಾನೆ, ಇಲ್ಲವೇ ಜಗಳಕ್ಕೆ ನಿಲ್ಲುತ್ತಾನೆ. ಮೂರನೆಯ ದಾರಿ ಮೇಜಿನ ಡ್ರಾವರಿನಲ್ಲೇ ಇರುತ್ತದೆ. ಅದು ಹಳೆಯ ಬಾಡಿಗೆ ರಶೀದಿಗಳ ಕಟ್ಟು. ಅದನ್ನು ಬಿಚ್ಚಿ ಲೆಕ್ಕ ಹಾಕಿ ಒಂದು ಪುಟದ ಪತ್ರ ಬರೆದರೆ ಮಾತುಕತೆಯ ಧಾಟಿಯೇ ಬದಲಾಗುತ್ತದೆ.

ಉದಾಹರಣೆಗೆ, ಪೇಟೆಯ ಹಂಚಿನ ಕಟ್ಟಡವೊಂದರಲ್ಲಿ ಟೈಲರ್ ಅಂಗಡಿ ಇದೆ ಎಂದು ಇಟ್ಟುಕೊಳ್ಳೋಣ. 2021ರ ಏಪ್ರಿಲ್‌ನಿಂದ ಬಾಡಿಗೆ ತಿಂಗಳಿಗೆ 3,000 ರೂಪಾಯಿ ಇತ್ತು. 2023ರ ಏಪ್ರಿಲ್‌ನಲ್ಲಿ ಅದು 3,300 ಆಯಿತು. ಈಗ ಮಾಲಕರು 2026ರ ಏಪ್ರಿಲ್‌ನಿಂದ 5,000 ಕೇಳುತ್ತಿದ್ದಾರೆ.

ಮೊದಲ ಕೆಲಸ ರಶೀದಿಗಳನ್ನು ಜೋಡಿಸುವುದು. ಹಣ ಕೊಟ್ಟ ದಿನಾಂಕದ ಪ್ರಕಾರ ಅಲ್ಲ, ಯಾವ ತಿಂಗಳ ಬಾಡಿಗೆಯೋ ಆ ತಿಂಗಳ ಪ್ರಕಾರ ಜೋಡಿಸಬೇಕು. ಜೂನ್ ಬಾಡಿಗೆಯನ್ನು ಜುಲೈಯಲ್ಲಿ ಕೊಟ್ಟಿರುವುದು ಎಲ್ಲ ಕಡೆ ಇದ್ದದ್ದೇ, ಅಲ್ಲಿ ಗೊಂದಲವಾದರೆ ಒಂದು ತಿಂಗಳು ಬಾಕಿ ಇದ್ದಂತೆ ಕಾಣುತ್ತದೆ. ಐದು ವರ್ಷಕ್ಕೆ 60 ತಿಂಗಳು. ರಶೀದಿ ಸಿಗದ ತಿಂಗಳಿಗೆ ಬ್ಯಾಂಕ್ ಪಾಸ್‌ಬುಕ್ಕಿನ ನಮೂದು ಅಥವಾ ಮೊಬೈಲಿನಲ್ಲಿ ಹಣ ಕಳುಹಿಸಿದ ದಾಖಲೆ ಇದ್ದರೆ ಸಾಕು. ಎರಡೂ ಇಲ್ಲದ ತಿಂಗಳನ್ನು ಇದೆ ಎಂದು ಬರೆಯಬಾರದು; "ದಾಖಲೆ ಇಲ್ಲ" ಎಂದೇ ಬರೆಯಬೇಕು. ರೆವೆನ್ಯೂ ಸ್ಟ್ಯಾಂಪ್ ಇಲ್ಲದ ರಶೀದಿ ನಡೆಯದು ಎಂಬ ಮಾತು ನಮ್ಮ ಕಡೆ ಇನ್ನೂ ಇದೆ. 5,000 ರೂಪಾಯಿ ಮೀರಿದ ಮೊತ್ತಕ್ಕೆ ಮಾತ್ರ ಸ್ಟ್ಯಾಂಪ್ ಬೇಕು, 3,300ರ ರಶೀದಿಗೆ ಬೇಡ.

ಟೈಲರ್‌ನ ಕಟ್ಟಿನಲ್ಲಿ 2021ರ ಮೇ ಮತ್ತು ಜೂನ್ ರಶೀದಿಗಳಲ್ಲಿ 1,500 ಎಂದು ಮಾತ್ರ ಇದೆ. ಅದು ಕೇರಳದಲ್ಲಿ ಲಾಕ್‌ಡೌನ್ ಇದ್ದ ಸಮಯ. ಅಂಗಡಿ ಮುಚ್ಚಿದ್ದರಿಂದ ಮಾಲಕರು ಅರ್ಧ ಬಿಟ್ಟುಕೊಟ್ಟಿದ್ದರು. ಇದನ್ನು ಮುಚ್ಚಿಡುವುದು ಜಾಣತನವಲ್ಲ. ಪತ್ರದಲ್ಲಿ ಕೃತಜ್ಞತೆಯೊಂದಿಗೆ ನಮೂದಿಸಿದರೆ ಮಾಲಕರ ಉಪಕಾರ ನೆನೆದಂತೆಯೂ ಆಯಿತು, ಆ 3,000 ರೂಪಾಯಿ ಬಾಕಿಯಲ್ಲ ಎಂದು ಬರಹದಲ್ಲಿ ಸೇರಿದಂತೆಯೂ ಆಯಿತು. ಮಾಲಕರು ಅದನ್ನು ಓದಿ ಆಕ್ಷೇಪಿಸದಿದ್ದರೆ, ಮುಂದೆ ಬಾಕಿ ಎಂದು ಎತ್ತುವುದು ಅವರಿಗೆ ಕಷ್ಟ.

ಎರಡನೆಯದು ದುರಸ್ತಿಯ ಪಟ್ಟಿ. ಏನು ಆಯಿತು, ಯಾವಾಗ ಆಯಿತು, ಖರ್ಚು ಯಾರದ್ದು, ಇಷ್ಟೇ. ಮಾಲಕರು ಮಾಡಿಸಿದ್ದನ್ನೂ ಬರೆಯಬೇಕು. 2023ರಲ್ಲಿ ಅವರು ಹಳೆಯ ಮರದ ಬಾಗಿಲು ತೆಗೆದು ಕಬ್ಬಿಣದ ಶಟರ್ ಹಾಕಿಸಿದರು, ಅದರ ನಂತರವೇ ಬಾಡಿಗೆ 300 ಏರಿದ್ದು. ಹಾಗಾದರೆ ಶಟರಿನ ಲೆಕ್ಕ ಆಗಲೇ ಮುಗಿದಿದೆ. 2024ರ ಮಳೆಗಾಲದಲ್ಲಿ ಒಡೆದ ಹಂಚು, ಲಡ್ಡಾದ ರೀಪು ಬದಲಿಸಲು ಟೈಲರ್ 6,800 ರೂಪಾಯಿ ಕೊಟ್ಟಿದ್ದಾನೆ, ಬಿಲ್ಲು ಇದೆ. 2025ರ ಜನವರಿಯಲ್ಲಿ ಬಾವಿಯ ಪಂಪು ಕೆಟ್ಟ ಮೇಲೆ ಬಾಡಿಗೆಯೊಳಗೇ ಸಿಗುತ್ತಿದ್ದ ನೀರು ನಿಂತಿತು. ಈಗ ನೀರಿಗೆ ತಿಂಗಳಿಗೆ 200 ರೂಪಾಯಿ ಬೇರೆ ಖರ್ಚು. ಅಂದರೆ ರಶೀದಿಯಲ್ಲಿ 3,300 ಇದ್ದರೂ ಕೋಣೆಗೆ ನಿಜವಾಗಿ ಬೀಳುವುದು 3,500. ಯಾರೂ ಹೇಳದೆ ಆದ ಈ ಏರಿಕೆಯೇ ಪತ್ರದ ಬಲವಾದ ಅಂಶ.

ಇನ್ನು ಎಷ್ಟು ಒಪ್ಪಬಹುದು? 3,300ರಿಂದ 5,000 ಎಂದರೆ ಶೇಕಡಾ 51ಕ್ಕೂ ಮಿಕ್ಕಿದ ಏರಿಕೆ. ಹಿಂದೆ ಎರಡು ವರ್ಷಕ್ಕೆ ಶೇಕಡಾ 10, ಅಂದರೆ ವರ್ಷಕ್ಕೆ 5ರಂತೆ ಏರಿತ್ತು. ಅದೇ ಲೆಕ್ಕದಲ್ಲಿ ಮೂರು ವರ್ಷಕ್ಕೆ ಶೇಕಡಾ 15 ಹಾಕಿದರೆ 3,795 ಆಗುತ್ತದೆ. 3,800 ಎಂದು ಹೇಳುವುದು ನ್ಯಾಯ. ಪಂಪು ಸರಿಮಾಡಿಸಿದರೆ 4,000 ಕೊಡಬಹುದು, ಏಕೆಂದರೆ ನೀರಿನ 200 ಉಳಿಯುತ್ತದೆ. ಆದರೆ ರಶೀದಿಗೂ ಮಿತಿ ಇದೆ. ಏನು ಕೊಟ್ಟಿದ್ದೇವೆ ಎಂಬುದನ್ನು ಅದು ತೋರಿಸುತ್ತದೆಯೇ ಹೊರತು ಕೋಣೆಗೆ ಇಂದು ಏನು ಬೆಲೆ ಎಂಬುದನ್ನಲ್ಲ. ಪಕ್ಕದ ಹಂಚಿನ ಕೋಣೆಗಳೆಲ್ಲ 4,500ಕ್ಕೆ ಹೋಗುತ್ತಿದ್ದರೆ 3,800 ನಿಲ್ಲುವುದು ಕಷ್ಟ. ಆದ್ದರಿಂದ ಎರಡು ಮೂರು ಕಡೆ ವಿಚಾರಿಸಿಯೇ ಬರೆಯಬೇಕು. ಹೋಲಿಕೆ ಹಂಚಿನ ಕೋಣೆಯೊಂದಿಗೇ ಇರಲಿ, ಹೊಸ ಕಾಂಕ್ರೀಟ್ ಕಟ್ಟಡದೊಂದಿಗೆ ಬೇಡ.

ಪತ್ರ ಹೀಗಿರಬಹುದು:

"ಮಾನ್ಯರೇ, ತಾವು ಏಪ್ರಿಲ್‌ನಿಂದ ಬಾಡಿಗೆ 5,000 ರೂಪಾಯಿ ಎಂದು ತಿಳಿಸಿದ್ದೀರಿ. ಏರಿಕೆಯೇ ಬೇಡ ಎಂದು ನಾನು ಹೇಳುವುದಿಲ್ಲ. 2021ರ ಏಪ್ರಿಲ್‌ನಿಂದ 2026ರ ಮಾರ್ಚ್‌ವರೆಗಿನ ಬಾಡಿಗೆಯ ಪಟ್ಟಿ ಮತ್ತು ರಶೀದಿಗಳ ನಕಲು ಇದರೊಂದಿಗಿದೆ. ಲಾಕ್‌ಡೌನಿನ ಎರಡು ತಿಂಗಳು ತಾವು ಅರ್ಧ ಬಾಡಿಗೆ ಬಿಟ್ಟುಕೊಟ್ಟದ್ದನ್ನು ಮರೆತಿಲ್ಲ. 2024ರಲ್ಲಿ ಮಾಡಿನ ದುರಸ್ತಿಗೆ ನಾನು ಕೊಟ್ಟ 6,800 ರೂಪಾಯಿಯ ಬಿಲ್ಲು ಇಟ್ಟಿದ್ದೇನೆ. 2025ರ ಜನವರಿಯಿಂದ ಪಂಪಿನ ನೀರು ಇಲ್ಲ. ಏಪ್ರಿಲ್‌ನಿಂದ 3,800 ಕೊಡಲು ಸಿದ್ಧನಿದ್ದೇನೆ, ಪಂಪು ಸರಿಯಾದ ತಿಂಗಳಿನಿಂದ 4,000. ಮಾಡಿನ ಖರ್ಚನ್ನು ತಿಂಗಳಿಗೆ 400ರಂತೆ 17 ತಿಂಗಳು ಬಾಡಿಗೆಯಲ್ಲಿ ವಜಾ ಮಾಡಲು ತಮ್ಮ ಒಪ್ಪಿಗೆ ಕೋರುತ್ತೇನೆ. ತಮಗೆ ಅನುಕೂಲದ ದಿನ ಬಂದು ಮಾತನಾಡುತ್ತೇನೆ."

ಪತ್ರವನ್ನು ಮಾಲಕರು ಓದುವ ಭಾಷೆಯಲ್ಲಿ ಬರೆಯಬೇಕು. ಅವರಿಗೆ ಮಲಯಾಳವೇ ಸಲೀಸಾದರೆ ಮಲಯಾಳದಲ್ಲಿ ಬರೆಸಿ, ಕನ್ನಡದ ಪ್ರತಿ ತನ್ನಲ್ಲಿ ಇಟ್ಟುಕೊಳ್ಳಬಹುದು. ಅಂಕಿಗಳು ಎರಡರಲ್ಲೂ ಒಂದೇ ಇರಬೇಕು. ಕೈಯಲ್ಲಿ ಕೊಟ್ಟು ನಕಲಿನ ಮೇಲೆ ಸಹಿ, ದಿನಾಂಕ ಪಡೆಯುವುದೇ ಒಳ್ಳೆಯದು. ರಶೀದಿಯ ಮೂಲಪ್ರತಿಯನ್ನು ಯಾವ ಕಾರಣಕ್ಕೂ ಕೊಡಬಾರದು.

ಪತ್ರದಲ್ಲಿ "ಒಪ್ಪಿಗೆ ಕೋರುತ್ತೇನೆ" ಎಂದಿರುವುದಕ್ಕೆ ಕಾರಣವಿದೆ. ಹಲವರು ಇಲ್ಲಿಯೇ ಎಡವುತ್ತಾರೆ. ದುರಸ್ತಿಗೆ ಹಣ ಹಾಕಿದ್ದೇನೆ ಎಂದು ತಾನಾಗಿಯೇ ಬಾಡಿಗೆ ಹಿಡಿದಿಡುತ್ತಾರೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ವಿಧಿಯಲ್ಲಿ ಅಂಥ ಅವಕಾಶ ಇದೆ, ಆದರೆ ಅದು ಮಾಲಕರು ಮಾಡಲೇಬೇಕಾದ ದುರಸ್ತಿಗೆ ಮಾತ್ರ. ಅದೂ ಅವರಿಗೆ ಮೊದಲೇ ತಿಳಿಸಿ ತಕ್ಕ ಸಮಯ ಕಾದ ಮೇಲೆ. ಬಾಯಿಮಾತಿನಲ್ಲಿ ಹೇಳಿ ಹಂಚು ಹಾಕಿಸಿದ ಟೈಲರ್‌ಗೆ ಇದನ್ನು ಸಾಬೀತು ಮಾಡುವುದು ಸುಲಭವಲ್ಲ. ಹಿಡಿದಿಟ್ಟ ಹಣ ಬಾಕಿಯಾಗಿ ನಿಲ್ಲುತ್ತದೆ. ಕೇರಳದ 1965ರ ಬಾಡಿಗೆ ನಿಯಂತ್ರಣ ಕಾಯ್ದೆಯಲ್ಲಿ ಬಾಡಿಗೆ ಬಾಕಿ ಒಕ್ಕಲೆಬ್ಬಿಸಲು ಒಂದು ಕಾರಣವೇ ಆಗಿದೆ. ಆದ್ದರಿಂದ ಮಾತುಕತೆ ಮುಗಿಯುವವರೆಗೆ ಹಳೆಯ 3,300ನ್ನು ಸಮಯಕ್ಕೆ ಸರಿಯಾಗಿ ಕೊಡುತ್ತಲೇ ಇರಬೇಕು. ಮಾಲಕರು ತೆಗೆದುಕೊಳ್ಳದಿದ್ದರೆ ಅವರ ಬ್ಯಾಂಕ್ ಖಾತೆಗೆ ಅಥವಾ ಮನಿಯಾರ್ಡರ್ ಮೂಲಕ ಕಳುಹಿಸಬೇಕು. ತಿರಸ್ಕೃತವಾಗಿ ಮರಳಿದ ಮನಿಯಾರ್ಡರ್ ಕೂಡ ಒಂದು ದಾಖಲೆ.

ಈ 1965ರ ಕಾಯ್ದೆ ಎಲ್ಲ ಊರಿಗೂ ತಾನಾಗಿ ಅನ್ವಯಿಸುವುದಿಲ್ಲ, ಸರಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಿಗೆ ಮಾತ್ರ. ತನ್ನ ಕಟ್ಟಡ ಅದರಲ್ಲಿ ಸೇರಿದೆಯೇ ಎಂದು ವಕೀಲರಲ್ಲಿ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಸೇರಿದ್ದರೆ ಕಾರಣ ತೋರಿಸದೆ ಒಕ್ಕಲೆಬ್ಬಿಸುವಂತಿಲ್ಲ. ಸೇರದಿದ್ದರೆ, ಬೇರೆ ಕರಾರು ಇಲ್ಲದ ತಿಂಗಳ ಬಾಡಿಗೆಯನ್ನು ಮಾಲಕರು 15 ದಿನಗಳ ನೋಟೀಸು ಕೊಟ್ಟು ಕೊನೆಗೊಳಿಸಬಹುದು. ಆಗ ಪತ್ರದಲ್ಲಿ ಎಷ್ಟು ಬಿಗಿ ಹಿಡಿಯಬಹುದು ಎಂಬುದೂ ಬದಲಾಗುತ್ತದೆ.

ಮಾತು ಕುದುರಿದರೆ ಏಪ್ರಿಲ್‌ನ ರಶೀದಿಯನ್ನು ನೋಡಿ ತೆಗೆದುಕೊಳ್ಳಬೇಕು. ಅದರಲ್ಲಿ "3,400 ಸಂದಿದೆ" ಎಂದು ಮಾತ್ರ ಇದ್ದರೆ ಸಾಲದು. "ಬಾಡಿಗೆ 3,800, ಮಾಡಿನ ದುರಸ್ತಿ ವಜಾ 400, ಸಂದದ್ದು 3,400" ಎಂದು ಇರಬೇಕು. ಇಲ್ಲವಾದರೆ 17 ತಿಂಗಳ ನಂತರ ಅದೇ 6,800 ರೂಪಾಯಿ ಟೈಲರ್‌ನ ಹೆಸರಿನಲ್ಲಿ ಬಾಕಿಯಾಗಿ ಕಾಣಿಸಿಕೊಳ್ಳುತ್ತದೆ.