ಪೈಸೆಯಲ್ಲೇ ಲೆಕ್ಕ

₹19.99 ಪಾವತಿಸಿದರೆ ಪಾವತಿ ತಂತ್ರಾಂಶ ಅದನ್ನು 1999 ಪೈಸೆ ಎಂದು ಬರೆದಿಟ್ಟುಕೊಳ್ಳುತ್ತದೆ. ಬೆಂಗಳೂರಿನ ರೇಜರ್‌ಪೇ ಕೂಡ ಮೊತ್ತವನ್ನು ಪೈಸೆಯಲ್ಲೇ ಕೇಳುತ್ತದೆ.

ಕಾರಣ ಕಂಪ್ಯೂಟರಿನ ಎಣಿಕೆಯಲ್ಲಿದೆ. ಅದಕ್ಕೆ ಗೊತ್ತಿರುವುದು ಸೊನ್ನೆ ಮತ್ತು ಒಂದು ಮಾತ್ರ. ಮೂರನೇ ಒಂದು ಭಾಗವನ್ನು ನಾವು 0.333 ಎಂದು ಬರೆಯುತ್ತಲೇ ಹೋಗುವಂತೆ, ಹತ್ತನೇ ಒಂದು ಭಾಗ ಅದಕ್ಕೆ ಎಂದೂ ಮುಗಿಯದ ಸಂಖ್ಯೆ. ಆದ್ದರಿಂದ ಎಲ್ಲೋ ಕತ್ತರಿಸಿ, ಸಮೀಪದ ಬೆಲೆಯನ್ನು ಇಟ್ಟುಕೊಳ್ಳುತ್ತದೆ.

ಹಾಗಿಟ್ಟ 19.99ನ್ನು ನೂರರಿಂದ ಗುಣಿಸಿದರೆ ಸಿಗುವುದು:

```
1998.9999999999998
```

ದಶಾಂಶದ ಭಾಗವನ್ನು ಕೈಬಿಟ್ಟರೆ 1998. ಒಂದು ಪೈಸೆ ಮಾಯ! ಬ್ಯಾಂಕಿನ ಲೆಕ್ಕಕ್ಕೆ ತಾಳೆ ನೋಡುವಾಗಲೇ ಇದು ಬಯಲಾಗುವುದು.

ಪೂರ್ಣಸಂಖ್ಯೆಗಳ ಕೂಡು-ಕಳೆಯಲ್ಲಿ ಈ ಕಾಟವಿಲ್ಲ. ಭಾಗಾಕಾರದಲ್ಲಿ ಮಾತ್ರ ಎಚ್ಚರ ಬೇಕು: ನೂರು ರೂಪಾಯಿಯನ್ನು ಮೂವರಿಗೆ ಹಂಚಿದಾಗ 3334, 3333, 3333 ಪೈಸೆ. ಉಳಿದ ಪೈಸೆ ಯಾರಿಗೆಂದು ತಂತ್ರಾಂಶ ಬರೆಯುವವರೇ ಮೊದಲು ನಿರ್ಧರಿಸಬೇಕು.