ಇಪ್ಪತ್ತು ಪೌಂಡ್ ಎಲ್ಲಿ ಹೋಯಿತು?

ಬ್ರಿಟನ್ನಿನಲ್ಲಿ ಕರೆಂಟಿಗೆ ಮೊದಲೇ ದುಡ್ಡು ಹಾಕಿ ಬಳಸುವ ಮನೆಗಳು 2023ರ ಹೊತ್ತಿಗೆ ಸುಮಾರು 40 ಲಕ್ಷ ಇದ್ದವು. ಅವುಗಳಲ್ಲಿ ಬಾಡಿಗೆ ಮನೆಗಳು ಬಹಳ. ಓದಲೆಂದೋ, ವೃದ್ಧರ ಆರೈಕೆ ಕೇಂದ್ರಗಳಲ್ಲಿ ಕೆಲಸಕ್ಕೆಂದೋ ಕರ್ನಾಟಕದಿಂದ ಲೆಸ್ಟರ್, ಕಾವೆಂಟ್ರಿ, ಬರ್ಮಿಂಗ್‌ಹ್ಯಾಮ್‌ಗಳಿಗೆ ಹೋದವರು ಬಾಡಿಗೆಗೆ ಹಿಡಿಯುವ ಮನೆಯಲ್ಲಿ ಇಂಥ ಪ್ರೀಪೇಯ್ಡ್ ಸ್ಮಾರ್ಟ್ ಮೀಟರ್ ಎದುರಾಗುವುದು ಅಪರೂಪವಲ್ಲ. ಕೆಲಸಕ್ಕೆ ಹೋಗುವವರಿಗೆ ಇಂಗ್ಲಿಷ್ ಬರುತ್ತದೆ. ಆದರೆ ಅವರು ರಾತ್ರಿ ಪಾಳಿಯಲ್ಲಿರುವಾಗ ಮೀಟರು ಕೀ ಕೀ ಎಂದರೆ ಅದರ ಮುಂದೆ ನಿಲ್ಲಬೇಕಾದವರು ಮನೆಯಲ್ಲಿರುವ ಹೆಂಡತಿ, ಮೊಮ್ಮಗುವನ್ನು ನೋಡಿಕೊಳ್ಳಲು ಊರಿಂದ ಬಂದ ಅತ್ತೆ ಅಥವಾ ತಾಯಿ. ಪರದೆಯ ಮೇಲೆ ಬರುವುದು ಅವರಿಗೆ ಒಗ್ಗದ ಭಾಷೆ, ಅದೂ ತುಂಡು ತುಂಡು ಪದಗಳಲ್ಲಿ.

ಸಮಾಧಾನದ ಸಂಗತಿಯೆಂದರೆ, ಈ ಪರದೆಯಲ್ಲಿ ಓದಬೇಕಾದ ಪದಗಳು ಕಡಿಮೆ. ಹೆಚ್ಚಿನ ಕೆಲಸ ನಡೆಯುವುದು ಅಂಕಿಗಳಲ್ಲಿ. ಆ ಅಂಕಿಗಳ ಹಿಂದಿನ ಲೆಕ್ಕ ತಿಳಿದಿದ್ದರೆ ಭಾಷೆ ಅಷ್ಟಾಗಿ ಅಡ್ಡ ಬರುವುದಿಲ್ಲ. ಲೆಕ್ಕ ತಿಳಿಯದಿದ್ದರೆ ಇಂಗ್ಲಿಷ್ ಚೆನ್ನಾಗಿ ಬಲ್ಲವರೂ ತಬ್ಬಿಬ್ಬಾಗುತ್ತಾರೆ.

ಮೊದಲು ತಿಳಿಯಬೇಕಾದದ್ದು ಯಾವ ಪರದೆ ಏನು ಎಂಬುದು. ಅಲ್ಲಿನ ಬಹುಪಾಲು ಮನೆಗಳಿಗೆ ಕರೆಂಟಿನ ಜೊತೆಗೆ ಅಡುಗೆಗೂ ಚಳಿಗಾಲದ ಬಿಸಿಗೂ ಕೊಳವೆಯಲ್ಲಿ ಗ್ಯಾಸ್ ಬರುತ್ತದೆ. ಎರಡಕ್ಕೂ ಬೇರೆ ಬೇರೆ ಮೀಟರು, ಬೇರೆ ಬೇರೆ ಬಾಕಿ ಹಣ. ಕರೆಂಟಿಗೆ ಹಾಕಿದ ದುಡ್ಡು ಗ್ಯಾಸಿಗೆ ಸಲ್ಲುವುದಿಲ್ಲ. ಇವೆರಡರ ವಿವರವನ್ನೂ ತೋರಿಸುವ ಅಂಗೈಯಗಲದ ಪುಟ್ಟ ಪರದೆಯೊಂದನ್ನು ಸಾಮಾನ್ಯವಾಗಿ ಹಾಲ್‌ನಲ್ಲೋ ಅಡುಗೆಮನೆಯಲ್ಲೋ ಇಟ್ಟಿರುತ್ತಾರೆ. ಅದರಲ್ಲಿ ಕರೆಂಟಿಗೆ ಪ್ಲಗ್ಗು, ಬಲ್ಬು ಅಥವಾ ಮಿಂಚಿನ ಚಿತ್ರ, ಗ್ಯಾಸಿಗೆ ಜ್ವಾಲೆಯ ಚಿತ್ರ ಇರುವುದು ವಾಡಿಕೆ. ಈ ಪರದೆಯಲ್ಲಿ ಎರಡು ಬಗೆಯ ಮೊತ್ತಗಳು ಕಾಣುತ್ತವೆ. ಇವತ್ತು ಎಷ್ಟು ಖರ್ಚಾಯಿತು ಎಂಬುದು ಒಂದು, ಇನ್ನೆಷ್ಟು ಉಳಿದಿದೆ ಎಂಬುದು ಇನ್ನೊಂದು. ಎರಡರ ಮುಂದೆಯೂ £ ಎಂಬ ಪೌಂಡಿನ ಗುರುತು ಇರುವುದರಿಂದ ಖರ್ಚನ್ನೇ ಉಳಿಕೆ ಎಂದುಕೊಂಡು ನಿಶ್ಚಿಂತರಾಗುವವರಿದ್ದಾರೆ. ಉಳಿಕೆಯ ಪಕ್ಕದಲ್ಲಿ `CREDIT` ಅಥವಾ `BALANCE` ಎಂದಿರುತ್ತದೆ. ಗುರುತಿಗೆ ಇನ್ನೊಂದು ದಾರಿಯೂ ಉಂಟು. ಬಳಸಿದಂತೆಲ್ಲ ಖರ್ಚಿನ ಅಂಕಿ ಏರುತ್ತದೆ, ಉಳಿಕೆಯ ಅಂಕಿ ಇಳಿಯುತ್ತದೆ.

ಪರದೆಯ ಮೇಲೆ ನಿಜಕ್ಕೂ ಗುರುತಿಟ್ಟುಕೊಳ್ಳಬೇಕಾದ ಇನ್ನೆರಡು ಪದಗಳೆಂದರೆ `EMERGENCY CREDIT` ಮತ್ತು `DEBT`. ಮೊದಲನೆಯದು ತುರ್ತು ಸಾಲ. ಹಣ ಮುಗಿಯುತ್ತ ಬಂದಾಗ ವಿದ್ಯುತ್ ಕಂಪನಿಯು ಒಂದು ಸಣ್ಣ ಮೊತ್ತವನ್ನು ಮುಂಗಡವಾಗಿ ಕೊಡುತ್ತದೆ. ಅನೇಕ ಮೀಟರುಗಳಲ್ಲಿ ಅದು ತಾನಾಗಿ ಸೇರುವುದಿಲ್ಲ, ಪರದೆ ಕೇಳಿದಾಗ ಗುಂಡಿ ಒತ್ತಿ ಒಪ್ಪಬೇಕು. ಎರಡನೆಯದು ಹಳೆಯ ಬಾಕಿ. ಇವೆರಡರ ಜೊತೆಗೆ ಪದವಲ್ಲದ ಒಂದು ಗುರುತು ಬಹಳ ಮುಖ್ಯ: ಮೊತ್ತದ ಮುಂದೆ ಬೀಳುವ ಸಣ್ಣ ಅಡ್ಡಗೆರೆ, ಅಂದರೆ ಮೈನಸ್. ಪರದೆಯಲ್ಲಿ `-£3.40` ಎಂದಿದ್ದರೆ ಮೂರು ಪೌಂಡ್ ನಲವತ್ತು ಪೆನ್ಸ್ ಉಳಿದಿದೆ ಎಂದಲ್ಲ, ಅಷ್ಟು ಕೊಡಬೇಕಾಗಿದೆ ಎಂದು.

ಉಳಿಕೆ ಮೈನಸ್‌ಗೆ ಹೋದರೂ ದೀಪ ಉರಿಯುತ್ತಲೇ ಇರುವುದು ಹೇಗೆ? ಇದಕ್ಕೆ ಅಲ್ಲಿನ ಒಂದು ಒಳ್ಳೆಯ ನಿಯಮ ಕಾರಣ. ರಾತ್ರಿ ಹೊತ್ತು, ವಾರಾಂತ್ಯ, ಸರ್ಕಾರಿ ರಜೆಗಳಲ್ಲಿ ಹಣ ಮುಗಿದರೂ ಕರೆಂಟು ಕಡಿಯದೆ ಸಾಲದ ಮೇಲೆ ಮುಂದುವರಿಸುತ್ತಾರೆ. ತುರ್ತು ಸಾಲವನ್ನೂ ಈ ರಜಾ ಹೊತ್ತಿನ ಸಾಲವನ್ನೂ ಕೊಡಬೇಕೆಂದು ಅಲ್ಲಿನ ವಿದ್ಯುತ್ ಮತ್ತು ಗ್ಯಾಸ್ ನಿಯಂತ್ರಣ ಸಂಸ್ಥೆ ಆಫ್‌ಜೆಮ್ 2020ರ ಡಿಸೆಂಬರ್‌ನಿಂದ ಕಂಪನಿಗಳಿಗೆ ಕಡ್ಡಾಯ ಮಾಡಿದೆ. ಕಡಿಯದ ಹೊತ್ತು ಯಾವುದೆಂಬುದು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಆದರೆ ಇದು ಉಚಿತವಲ್ಲ. ಬಳಸಿದ್ದೆಲ್ಲ ಮೈನಸ್ ಆಗಿ ಬರೆದುಕೊಳ್ಳುತ್ತ ಹೋಗುತ್ತದೆ.

ಲೆಸ್ಟರಿನ ಒಂದು ಬಾಡಿಗೆ ಮನೆಯನ್ನು ಉದಾಹರಣೆಗೆ ಇಟ್ಟುಕೊಂಡು ಈ ಲೆಕ್ಕ ಬಿಡಿಸಬಹುದು. ಹಾಸನದ ಕಡೆಯ ದಂಪತಿ ಅಲ್ಲಿದ್ದಾರೆ ಎನ್ನೋಣ. ಗಂಡನಿಗೆ ವಾರಾಂತ್ಯವೆಲ್ಲ ರಾತ್ರಿ ಪಾಳಿ. ಶುಕ್ರವಾರ ಬೆಳಿಗ್ಗೆ ಕರೆಂಟಿನ ಹಣ ಮುಗಿಯುತ್ತದೆ. ಹೆಂಡತಿ ಮೀಟರಿನ ಗುಂಡಿ ಒತ್ತಿ 10 ಪೌಂಡಿನ ತುರ್ತು ಸಾಲ ತೆಗೆದುಕೊಳ್ಳುತ್ತಾರೆ. ಚಳಿಗಾಲ, ಕೊಠಡಿಗೆ ಕರೆಂಟಿನ ಹೀಟರ್ ಹಾಕಿದ್ದಾರೆ. ಭಾನುವಾರದ ಹೊತ್ತಿಗೆ ಆ ಹತ್ತೂ ಮುಗಿದು, ರಜಾ ಹೊತ್ತಿನ ಸಾಲ ಶುರುವಾಗಿ, ಸೋಮವಾರ ಬೆಳಿಗ್ಗೆ ಅದು 3.40 ಪೌಂಡಿಗೆ ಬಂದಿದೆ. ಆಗ ಗಂಡ ಕೆಲಸದಿಂದಲೇ ಮೊಬೈಲಿನಲ್ಲಿ 20 ಪೌಂಡ್ ಹಾಕುತ್ತಾರೆ. ಮನೆಯಿಂದ ಫೋನು ಬರುತ್ತದೆ: “ರೀ, ಇಪ್ಪತ್ತು ಹಾಕಿದೆ ಅಂತೀರಿ, ಇಲ್ಲಿ ಸೊನ್ನೆ ಪಾಯಿಂಟ್ ತೊಂಬತ್ತೈದು ಅಂತಿದೆ!”

ದುಡ್ಡು ಕಳೆದುಹೋಗಿಲ್ಲ. ಇಪ್ಪತ್ತರಲ್ಲಿ ಹತ್ತು ತುರ್ತು ಸಾಲಕ್ಕೆ ಹೋಯಿತು. ರಜಾ ಹೊತ್ತಿನ 3.40 ಅದರ ಜೊತೆಗೆ ತೀರಿತು. ಮೂರನೆಯದು ದಿನದ ನಿಗದಿತ ಶುಲ್ಕ. ನಮ್ಮ ಬಿಲ್ಲಿನಲ್ಲಿ ತಿಂಗಳಿಗೊಮ್ಮೆ ಬರುವ ನಿಗದಿತ ಶುಲ್ಕದಂತೆಯೇ ಇದು, ಆದರೆ ಅಲ್ಲಿ ದಿನ ದಿನವೂ ಬೀಳುತ್ತದೆ. ದಿನಕ್ಕೆ 55 ಪೆನ್ಸ್ ಎಂದು ಹಿಡಿದರೆ, ಸಾಲದಲ್ಲಿದ್ದ ಮೂರು ದಿನಕ್ಕೆ ಕೂಡಿಬಿದ್ದದ್ದು 1.65. ಈ ಮನೆಯವರಿಗೆ ಹಳೆಯ ಬಾಕಿಯೊಂದಿದ್ದು ಅದನ್ನು ವಾರಕ್ಕೆ 4 ಪೌಂಡಿನಂತೆ ತೀರಿಸುವ ಒಪ್ಪಂದವಿದೆ, ಆ ವಾರದ ಕಂತೂ ಹೋಯಿತು. ಒಟ್ಟು 19.05. ಉಳಿದದ್ದು 95 ಪೆನ್ಸ್. ಯೂನಿಟ್ಟಿಗೆ 26 ಪೆನ್ಸ್ ಎಂದಿಟ್ಟುಕೊಂಡರೆ ನಾಲ್ಕು ಯೂನಿಟ್ಟಿಗೂ ಸಾಲದು.

ಮೊಬೈಲ್ ರೀಚಾರ್ಜಿನ ಅಭ್ಯಾಸ ಇಲ್ಲಿ ದಾರಿ ತಪ್ಪಿಸುತ್ತದೆ. ಫೋನಿಗೆ ಇನ್ನೂರು ರೂಪಾಯಿ ಹಾಕಿದರೆ ಇನ್ನೂರು ರೂಪಾಯಿಯ ಸೇವೆ ಸಿಗುತ್ತದೆ. ಮೀಟರಿಗೆ ಹಾಕಿದ ಹಣವಾದರೋ ಮೊದಲು ಹಿಂದಿನದನ್ನು ತೀರಿಸಿ ಆಮೇಲೆ ಮುಂದಿನದಕ್ಕೆ ಉಳಿಯುತ್ತದೆ. ಹಾಗಾಗಿ ಎಷ್ಟು ಹಾಕಬೇಕೆಂದು ನಿರ್ಧರಿಸುವಾಗ ಎರಡು ಅಂಕಿ ಕೂಡಬೇಕು. ಈ ಮನೆಯಲ್ಲಿ ದಿನಕ್ಕೆ 8 ಯೂನಿಟ್ ಖರ್ಚಾದರೆ 2.08, ನಿಗದಿತ ಶುಲ್ಕ ಸೇರಿ 2.63, ವಾರಕ್ಕೆ 18.41. ಹಿಂದಿನ 19.05ನ್ನು ಸೇರಿಸಿದರೆ 37.46. ಅಂದರೆ ಆ ಸೋಮವಾರ ಹಾಕಬೇಕಾಗಿದ್ದದ್ದು ಇಪ್ಪತ್ತಲ್ಲ, ನಲವತ್ತರ ಹತ್ತಿರ. ದರಗಳು ಮೂರು ತಿಂಗಳಿಗೊಮ್ಮೆ ಬದಲಾಗುವುದರಿಂದ ತಮ್ಮ ಮೀಟರಿನ ದರವನ್ನೇ ನೋಡಿ ಲೆಕ್ಕ ಹಾಕುವುದು ಸರಿ. ಮನೆಗೆ ಬೀಗ ಹಾಕಿ ಒಂದು ತಿಂಗಳು ಊರಿಗೆ ಬಂದರೂ ನಿಗದಿತ ಶುಲ್ಕ ಬೀಳುತ್ತಲೇ ಇರುತ್ತದೆ. ಹಿಂತಿರುಗಿದಾಗ ಪರದೆಯಲ್ಲಿ ಮೈನಸ್ ಹದಿನಾರು ಪೌಂಡ್ ಕಂಡರೆ ಯಾರೋ ಕರೆಂಟು ಕದ್ದರೆಂದು ಗಾಬರಿಯಾಗಬೇಕಿಲ್ಲ.

ಹಣ ಹಾಕಿದ ಮೇಲೂ ಕೆಲವೊಮ್ಮೆ ದೀಪ ಬರುವುದಿಲ್ಲ. ಇದಕ್ಕೆ ಎರಡು ಕಾರಣಗಳು ಸಾಮಾನ್ಯ. ಒಂದು, ಹಣ ಮೀಟರಿಗೆ ತಲುಪಿಲ್ಲ. ಆ್ಯಪಿನಲ್ಲೋ ಅಂಗಡಿಯಲ್ಲೋ ಕಟ್ಟಿದ ಹಣ ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲಿ ತಾನಾಗಿ ಬಂದು ಸೇರುತ್ತದೆ. ಸಿಗ್ನಲ್ ಸಿಗದ ಮೂಲೆಯಲ್ಲಿ ಮೀಟರಿದ್ದರೆ ಬರುವುದಿಲ್ಲ. ರಸೀತಿಯಲ್ಲಿ ಇಪ್ಪತ್ತು ಅಂಕಿಗಳ ಒಂದು ಸಂಖ್ಯೆ ಇರುತ್ತದೆ, ಅದನ್ನು ಮೀಟರಿನ ಗುಂಡಿಗಳಿಂದಲೋ ಪುಟ್ಟ ಪರದೆಯಿಂದಲೋ ಕೈಯಾರೆ ತುಂಬಬೇಕು. ಹಣ ಪರದೆಯಲ್ಲಿ ಕಾಣುವವರೆಗೆ ರಸೀತಿ ಎಸೆಯಬಾರದು. ಎರಡನೆಯ ಕಾರಣ, ಹಣ ಬಂದಿದೆ, ಆದರೆ ಮೀಟರು ಅಪ್ಪಣೆಗೆ ಕಾಯುತ್ತಿದೆ. ಒಮ್ಮೆ ಕಡಿದ ಮೇಲೆ ಮನೆಯವರು ಗುಂಡಿ ಒತ್ತಿ ಒಪ್ಪದೆ ಪೂರೈಕೆ ಮರಳುವುದಿಲ್ಲ. ಕರೆಂಟು ಹೋದಾಗ ಇಸ್ತ್ರಿಪೆಟ್ಟಿಗೆಯೋ ಕರೆಂಟಿನ ಒಲೆಯೋ ತಿರುಗಿಸಿದಂತೆಯೇ ಉಳಿದಿದ್ದರೆ, ಯಾರೂ ಇಲ್ಲದ ಹೊತ್ತಿನಲ್ಲಿ ಅದು ಹೊತ್ತಿಕೊಳ್ಳಬಾರದೆಂಬ ಎಚ್ಚರಿಕೆ ಇದು. ಆದ್ದರಿಂದ ಎಲ್ಲವನ್ನೂ ಆರಿಸಿ, ನೋಡಿಕೊಂಡು, ಆಮೇಲೆ ಗುಂಡಿ ಒತ್ತಬೇಕು. ಯಾವ ಗುಂಡಿ ಎಂಬುದು ಮೀಟರಿನ ತಯಾರಿಕೆಗೆ ತಕ್ಕಂತೆ ಬೇರೆಯಾಗುತ್ತದೆ.

ಮನೆ ಕತ್ತಲಾದಾಗ ಹಣ ಮುಗಿದೇ ಹೀಗಾಯಿತೆಂದು ಆತುರದಲ್ಲಿ ರೀಚಾರ್ಜ್ ಮಾಡುವುದೂ ತಪ್ಪು. ಮೀಟರಿನ ಪರದೆಯೇ ಕಾರಣ ಹೇಳುತ್ತದೆ, ಒಂದು ಪದವನ್ನೂ ಓದದೆ ತಿಳಿಯಬಹುದು. ಮೀಟರಿನ ಪರದೆ ಪೂರ್ತಿ ಖಾಲಿಯಾಗಿದ್ದರೆ ಸಾಮಾನ್ಯವಾಗಿ ಬೀದಿಯಿಂದಲೇ ಕರೆಂಟು ಬರುತ್ತಿಲ್ಲ, ಪಕ್ಕದ ಮನೆಗಳೂ ಕತ್ತಲಿರಬಹುದು. ಅದಕ್ಕೆ ಕರೆ ಮಾಡಬೇಕಾದ ಉಚಿತ ಸಂಖ್ಯೆ 105. ಪರದೆ ಬೆಳಗುತ್ತಿದ್ದು ಉಳಿಕೆ ಸೊನ್ನೆಯೋ ಮೈನಸ್ಸೋ ಆಗಿದ್ದರೆ ಹಣದ ಸಮಸ್ಯೆ. ಹಣ ಮುಗಿದು ಮನೆಗೆ ಹೋಗುವ ಕರೆಂಟು ಕಡಿದಾಗಲೂ ಮೀಟರಿಗೆ ಬರುವ ಕರೆಂಟು ಇದ್ದೇ ಇರುತ್ತದೆ, ಅದಕ್ಕೇ ಪರದೆ ಬೆಳಗುವುದು. ಪರದೆಯಲ್ಲಿ ಸಾಕಷ್ಟು ಹಣವೂ ಇದ್ದು, ಗುಂಡಿ ಒತ್ತಿ ಒಪ್ಪಿಗೆಯನ್ನೂ ಕೊಟ್ಟಿದ್ದು ಮನೆ ಮಾತ್ರ ಕತ್ತಲಾಗಿದ್ದರೆ, ಒಳಗಿನ ಪೆಟ್ಟಿಗೆಯಲ್ಲಿ ಸ್ವಿಚ್ಚು ಟ್ರಿಪ್ ಆಗಿದೆಯೇ ನೋಡಬೇಕು.

ಬಾಡಿಗೆದಾರರಿಗೆ ಎಲ್ಲಕ್ಕಿಂತ ದುಬಾರಿಯಾಗುವುದು `DEBT` ಎಂಬ ಪದ. ಹಿಂದೆ ಇದ್ದವರು ಸಾಲ ಉಳಿಸಿ ಹೋಗಿದ್ದರೆ ಅದು ಮೀಟರಿನಲ್ಲೇ ಕೂತಿರುತ್ತದೆ. ಹೊಸಬರು ತಮ್ಮ ಹೆಸರಿಗೆ ಖಾತೆ ಮಾಡಿಸದೆ ಹಣ ಹಾಕುತ್ತ ಹೋದರೆ, ಪ್ರತಿ ಸಲವೂ ಅದರಲ್ಲೊಂದು ಪಾಲು ಯಾರದೋ ಸಾಲಕ್ಕೆ ಹೋಗಬಹುದು. ಆ ಸಾಲವನ್ನು ಹೊಸಬರು ತೀರಿಸಬೇಕಾಗಿಲ್ಲ. ಕೀಲಿಕೈ ಪಡೆದ ದಿನವೇ ಎರಡೂ ಮೀಟರುಗಳ ಯೂನಿಟ್ ಅಂಕಿ, ಉಳಿಕೆ, ಬಾಕಿ ಮೂರೂ ಕಾಣುವಂತೆ ಫೋಟೊ ತೆಗೆದು, ಕಂಪನಿಗೆ ಕರೆ ಮಾಡಿ, ಬಾಡಿಗೆ ಕರಾರಿನ ದಿನಾಂಕ ತಿಳಿಸಿದರೆ ಹಳೆಯ ಬಾಕಿಯನ್ನು ಮೀಟರಿನಿಂದ ತೆಗೆಯಿಸಬಹುದು. ಫೋಟೊ ಇಲ್ಲದೆ ತಿಂಗಳುಗಟ್ಟಲೆ ತಡವಾದರೆ ಇದೇ ವಾದ ಕಷ್ಟವಾಗುತ್ತದೆ.

ಅದೇ ಕರೆಯಲ್ಲಿ ಮುಗಿಸಿಕೊಳ್ಳಬಹುದಾದ ಇನ್ನೊಂದು ಕೆಲಸವಿದೆ. ವಯಸ್ಸಾದವರು, ಹಸುಗೂಸಿರುವವರು, ಕಾಯಿಲೆಯವರು ಮುಂತಾದವರಿಗಾಗಿ ಪ್ರತಿ ಕಂಪನಿಯೂ ‘ಪ್ರಯಾರಿಟಿ ಸರ್ವಿಸಸ್ ರಿಜಿಸ್ಟರ್’ ಎಂಬ ಪಟ್ಟಿ ಇಟ್ಟಿರುತ್ತದೆ. ಇಂಗ್ಲಿಷ್ ಬಾರದವರನ್ನೂ ಇದಕ್ಕೆ ಸೇರಿಸುತ್ತಾರೆ, ಶುಲ್ಕವಿಲ್ಲ. ಕೆಲಸಕ್ಕೆ ಹೋಗುವ ಗಂಡನ ಹೆಸರಿನಲ್ಲಿ ಖಾತೆ ಇದ್ದರೂ ಮನೆಯಲ್ಲಿರುವವರಿಗೆ ಕನ್ನಡವಷ್ಟೇ ಬರುತ್ತದೆಂದು ಬರೆಸಬಹುದು, ಫೋನಿನಲ್ಲಿ ದುಭಾಷಿ ಸಿಗುತ್ತಾರೆಯೇ ಎಂದು ಕೇಳಬಹುದು, ತಮ್ಮ ಪರವಾಗಿ ಮಾತಾಡಲು ಮನೆಯವರನ್ನೋ ಸ್ನೇಹಿತರನ್ನೋ ಹೆಸರಿಸಬಹುದು. ಜೊತೆಗೆ ಆ ಮೀಟರಿಗೆ ತುರ್ತು ಸಾಲ ಎಷ್ಟು, ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಕಡಿಯುವುದಿಲ್ಲ, ಮರಳಿ ಬರಿಸಲು ಯಾವ ಗುಂಡಿ ಒತ್ತಬೇಕು ಎಂಬ ಮೂರನ್ನೂ ಕೇಳಿ, ಕನ್ನಡದಲ್ಲಿ ಬರೆದು ಪುಟ್ಟ ಪರದೆಯ ಪಕ್ಕದ ಗೋಡೆಗೆ ಅಂಟಿಸಿಟ್ಟರೆ, ಗಂಡ ಪಾಳಿಯಲ್ಲಿರುವಾಗ ಬರುವ ಎಚ್ಚರಿಕೆಗೆ ಮನೆಯಲ್ಲಿರುವವರೇ ಉತ್ತರ ಕೊಡಬಲ್ಲರು.