ಬೀಟ್‌ರೂಟ್, ಕಾಫಿ, ನೆಲ್ಲಿಕಾಯಿ: ಕೂದಲಿಗೆ ಯಾವ ಬಣ್ಣ ನಿಲ್ಲುತ್ತೆ?

ಮಕ್ಕಳೇ, ಕೆತ್ತಿ ಕಣಿವೆಯ ಮೆಟ್ಟಿಲು ಹೊಲಗಳಲ್ಲಿ ಬೀಟ್‌ರೂಟ್ ಬೆಳೆಯುವುದನ್ನು ನೀವೆಲ್ಲ ನೋಡಿದ್ದೀರಿ. ಅದನ್ನು ಹೆಚ್ಚಿದರೆ ಕೈಯೆಲ್ಲ ಕೆಂಪು! ಹಾಗಾದರೆ ಅದನ್ನೇ ಅಜ್ಜಿಯ ಬಿಳಿ ಕೂದಲಿಗೆ ಹಚ್ಚಿದರೆ ಬಣ್ಣ ಬರಬೇಕಲ್ವಾ? ಗೂಡಲೂರು ಕಡೆಯ ಕಾಫಿ, ಮಸಿನಗುಡಿ ಕಾಡಿನ ಬೆಟ್ಟದ ನೆಲ್ಲಿಕಾಯಿಯ ಬಗ್ಗೆಯೂ ಜನ ಹೀಗೇ ಹೇಳುತ್ತಾರೆ. ನಿಜ ಎಷ್ಟು ಅಂತ ಶಾಲೆಯಲ್ಲೇ ಪರೀಕ್ಷೆ ಮಾಡಿ ನೋಡಬಹುದು.

ಇದಕ್ಕೆ ಯಾರ ತಲೆಯೂ ಬೇಡ, ಬಿಳಿ ಉಣ್ಣೆ ನೂಲು ಸಾಕು. ಕೂದಲು, ಉಣ್ಣೆ ಎರಡೂ ಕೆರಟಿನ್ ಎಂಬ ಪ್ರೋಟೀನಿನಿಂದಲೇ ಆಗಿವೆ. ಆದರೆ ನೂಲು ನಿಜವಾದ ಉಣ್ಣೆಯದೇ ಆಗಿರಬೇಕು. ಶಿಕ್ಷಕರ ಎದುರಿನಲ್ಲಿ ಒಂದು ಎಳೆಯನ್ನು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದರೆ ಅದು ಉಣ್ಣೆ. ಪ್ಲಾಸ್ಟಿಕ್ಕಿನ ಹಾಗೆ ಕರಗಿ ಗಟ್ಟಿ ಉಂಡೆಯಾದರೆ ಅದು ಕೃತಕ ನೂಲು, ಈ ಪ್ರಯೋಗಕ್ಕೆ ಬೇಡ.

ನೂಲಿನ ನಾಲ್ಕು ತುಂಡುಗಳನ್ನು ಶಾಂಪೂ ಹಾಕಿ ತೊಳೆದು ಎಣ್ಣೆಯ ಅಂಶ ತೆಗೆಯಿರಿ. ಮೊದಲ ಬಟ್ಟಲಿಗೆ 100 ಗ್ರಾಂ ತುರಿದ ಬೀಟ್‌ರೂಟಿನ ರಸ. ಎರಡನೆಯದಕ್ಕೆ ನಾಲ್ಕು ಚಮಚ ಕಾಫಿ ಪುಡಿಯನ್ನು ಒಂದು ಲೋಟ ನೀರಲ್ಲಿ ಕುದಿಸಿ, ಸೋಸಿ, ಆರಿಸಿದ ಡಿಕಾಕ್ಷನ್. ಹಾಲು, ಸಕ್ಕರೆ ಬೇಡ. ಮೂರನೆಯದಕ್ಕೆ ಎರಡು ಚಮಚ ನೆಲ್ಲಿಕಾಯಿ ಪುಡಿಯನ್ನು ಒಂದು ಲೋಟ ನೀರಲ್ಲಿ ಕಲಸಿ, ಕಬ್ಬಿಣದ ಬಾಣಲೆಯಲ್ಲಿ ರಾತ್ರಿಯಿಡೀ ಇಟ್ಟ ನೀರು. ನಾಲ್ಕನೆಯದಕ್ಕೆ ಬರೀ ನೀರು, ಹೋಲಿಸಿ ನೋಡೋಕೆ. ಒಂದು ಗಂಟೆ ನೆನೆಸಿ, ತೆಗೆದು ಅರ್ಧ ದಿನ ಗಾಳಿಗೆ ಹಾಕಿ. ಆಮೇಲೆ ಮೂರು ಸಲ ಶಾಂಪೂ ಹಾಕಿ ತೊಳೆಯಿರಿ. ಪ್ರತಿ ಸಲವೂ ಸ್ವಲ್ಪ ನೂಲು ಕತ್ತರಿಸಿ ಪುಸ್ತಕಕ್ಕೆ ಅಂಟಿಸಿ. ತುಂಬ ಬಿಸಿ ನೀರು ಬೇಡ, ಉಣ್ಣೆ ಸುರುಟಿಕೊಳ್ಳುತ್ತದೆ.

ಬೀಟ್‌ರೂಟ್ ನೂಲು ಮೊದಲು ಚಂದದ ಗುಲಾಬಿ ಬಣ್ಣದಲ್ಲಿರುತ್ತದೆ. ಆದರೆ ತೊಳೆದ ಹಾಗೆಲ್ಲ ನೀರಿಗೆ ಕೆಂಪು ಬಿಡುತ್ತಲೇ ಹೋಗುತ್ತದೆ. ಇದರಲ್ಲಿರುವ ಬೆಟಾನಿನ್ ಎಂಬ ಬಣ್ಣ ನೀರಿನಲ್ಲಿ ಸುಲಭವಾಗಿ ಕರಗುತ್ತದೆ, ಕೆರಟಿನ್ನನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ. ಬಿಸಿಲಿಗೂ ಮಾಸುತ್ತದೆ. ಕೈಗೆ ಹತ್ತಿದ ಕೆಂಪು ಬೇಗ ಹೋಗುವುದೂ ಇದಕ್ಕೇ.

ಕಾಫಿ ನೂಲಿಗೆ ತಿಳಿ ಕಂದು ಬಣ್ಣ ಬರುತ್ತದೆ. ಹುರಿದಾಗ ಹುಟ್ಟುವ ಕಂದು ಪದಾರ್ಥಗಳು ನೂಲಿನ ಮೇಲೆ ಕೂರುತ್ತವೆ. ಇದೂ ಸ್ವಲ್ಪ ಸ್ವಲ್ಪವಾಗಿ ಹೋಗುತ್ತದೆ. ಬಿಳಿ ಕೂದಲಿನಲ್ಲಾದರೆ ಒಂದೆರಡು ಸ್ನಾನದವರೆಗೆ ತಿಳಿ ಕಂದು ಕಾಣಬಹುದು, ಅಷ್ಟೆ.

ನೆಲ್ಲಿಕಾಯಿಯದೇ ಬೇರೆ ಕಥೆ. ಪುಡಿಯನ್ನು ಸ್ಟೀಲ್ ಪಾತ್ರೆಯಲ್ಲಿ ನೆನೆಸಿದರೆ ಬಣ್ಣ ಏನೂ ಬರುವುದಿಲ್ಲ ಅನ್ನಬಹುದು. ಕಬ್ಬಿಣದ ಬಾಣಲೆಯಲ್ಲಿಟ್ಟರೆ ಮಾತ್ರ ಕಪ್ಪಾಗುತ್ತದೆ. ಕಾಯಿಯ ಹುಳಿ ಬಾಣಲೆಯಿಂದ ಸ್ವಲ್ಪ ಕಬ್ಬಿಣವನ್ನು ಕರಗಿಸುತ್ತದೆ. ಅದು ಕಾಯಿಯ ಟ್ಯಾನಿನ್ ಜತೆ ಸೇರಿ ನೂಲಿನೊಳಗೆ ಇಳಿಯುತ್ತದೆ. ಗಾಳಿಯ ಆಮ್ಲಜನಕ ತಾಗಿದಾಗ ನೀರಿನಲ್ಲಿ ಕರಗದ ಕಪ್ಪು ಪದಾರ್ಥವಾಗುತ್ತದೆ. ಹಳೆಯ ಕಾಲದ ಕಪ್ಪು ಶಾಯಿಯೂ ಇದೇ ಕ್ರಿಯೆಯಿಂದ ಆಗುತ್ತಿತ್ತು. ನೂಲನ್ನು ಗಾಳಿಗೆ ಹಾಕಿದ್ದು ಇದಕ್ಕಾಗಿಯೇ. ಮೂರರಲ್ಲಿ ಹೆಚ್ಚು ನಿಲ್ಲುವುದು ಇದೇ. ಆದರೆ ಸಿಗುವುದು ಅಲ್ಲಲ್ಲಿ ಹೆಚ್ಚು ಕಡಿಮೆಯಾದ ಬೂದುಗಪ್ಪು, ಮಿಂಚುವ ಕಡುಗಪ್ಪಲ್ಲ. ಕಬ್ಬಿಣ ಜಾಸ್ತಿಯಾದರೆ ಎಳೆ ಒರಟಾಗುತ್ತದೆ.

ಒಂದು ಮಾತು ನೆನಪಿಡಿ: ಕೂದಲಿನ ಹೊರಪದರ ಉಣ್ಣೆಯದಕ್ಕಿಂತ ಬಿಗಿ. ಹಾಗಾಗಿ ನೂಲಿನಲ್ಲಿ ಕಂಡದ್ದಕ್ಕಿಂತ ಕಡಿಮೆ ಬಣ್ಣವೇ ತಲೆಯಲ್ಲಿ ಬರುತ್ತದೆ. ಕಪ್ಪು ಕೂದಲಿಗೆ ಈ ಮೂರರಲ್ಲಿ ಯಾವುದು ಹಚ್ಚಿದರೂ ವ್ಯತ್ಯಾಸ ಕಾಣುವುದಿಲ್ಲ. ಕಪ್ಪು ಹಲಗೆಯ ಮೇಲೆ ಕಾಫಿ ಚೆಲ್ಲಿದ ಹಾಗೆ! ಇವು ಬಣ್ಣ ಸೇರಿಸುತ್ತವೆ, ಇರುವ ಬಣ್ಣ ತೆಗೆಯುವುದಿಲ್ಲ.

ನೆಲ್ಲಿಕಾಯಿ ಹಚ್ಚಿದರೆ ನರೆತ ಕೂದಲು ಬುಡದಿಂದಲೇ ಕಪ್ಪಾಗಿ ಬೆಳೆಯುತ್ತೆ ಅನ್ನುವ ಮಾತೂ ಸರಿಯಲ್ಲ. ಮೆಲನಿನ್ ಎಂಬ ಕಪ್ಪು ಬಣ್ಣ ತಯಾರಾಗುವುದು ಚರ್ಮದೊಳಗೆ, ಕೂದಲಿನ ಬೇರಿನಲ್ಲಿ. ಹೊರಗೆ ಬಂದ ಕೂದಲಿನಲ್ಲಿ ಜೀವಕೋಶಗಳು ಸತ್ತಿರುತ್ತವೆ, ಅಲ್ಲಿ ಮೆಲನಿನ್ ಮತ್ತೆ ಹುಟ್ಟದು.

ಹಾಗಂತ ಕಡುಗಪ್ಪು ಬೇಕೆಂದು ‘ಕಪ್ಪು ಮೆಹಂದಿ’ ಪೊಟ್ಟಣ ತರುವಾಗ ಜೋಪಾನ. ನಿಜವಾದ ಮದರಂಗಿ ಕಿತ್ತಳೆಗೆಂಪು ಕೊಡುತ್ತದೆ, ಕಪ್ಪು ಕೊಡುವುದಿಲ್ಲ. ಕಪ್ಪು ಎಂದು ಮಾರುವ ಎಷ್ಟೋ ಪೊಟ್ಟಣಗಳಲ್ಲಿ ಪಿಪಿಡಿ ಎಂಬ ರಾಸಾಯನಿಕ ಇರುತ್ತದೆ. ಕೆಲವರಿಗೆ ಅದರಿಂದ ಚರ್ಮ ಊದಿ ಗುಳ್ಳೆ ಏಳುತ್ತವೆ. ಪೊಟ್ಟಣದ ಮೇಲೆ ‘ನೈಸರ್ಗಿಕ’ ಅಂತ ಇದ್ದರೂ ಹಿಂದಿನ ಸಣ್ಣ ಅಕ್ಷರಗಳನ್ನು ಅಜ್ಜಿಗೆ ನೀವೇ ಓದಿ ಹೇಳಿ.